ರಾತ್ರಿ ಹತ್ತಾದರೂ ಆರದ ನಮ್ಮ ಬೀದಿ

ಬೆಂಗಳೂರಿನ ಉತ್ತರ ಭಾಗದಲ್ಲಿ ನಮ್ಮ ಮನೆ. ಇಪ್ಪತ್ತು ಅಡಿ ರಸ್ತೆ, ಎರಡೂ ಕಡೆ ಮೂರು–ನಾಲ್ಕು ಮಹಡಿಯ ಮನೆಗಳು. ಮೂರು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ನಮ್ಮ ಮೇಲ್ಮನೆಯಲ್ಲಿ ಬಾಡಿಗೆಗಿದ್ದ ಹೆಣ್ಣುಮಗಳು ಬಂದು ಹೇಳಿದಳು: "ಅಣ್ಣಾ, ಫ್ಯಾನ್ ಹಾಕಿದ್ರೆ ಬಿಸಿ ಗಾಳೀನೇ ಬರುತ್ತೆ. ಮಧ್ಯಾಹ್ನ ಹೇಗೋ ತಡ್ಕೋಬಹುದು, ರಾತ್ರಿ ಮಗು ಮಲಗೋದೇ ಇಲ್ಲ."

ನಾನು ಸಿವಿಲ್ ಎಂಜಿನಿಯರ್. ಮನೆ ಕಟ್ಟಿಸುವುದೇ ನನ್ನ ಕೆಲಸ. ಆದರೂ ಬಿಸಿಲಿನ ಸಮಸ್ಯೆ ಅಂದರೆ ಮಧ್ಯಾಹ್ನದ ಸಮಸ್ಯೆ ಅಂತಲೇ ಅಂದುಕೊಂಡಿದ್ದೆ. ಅವಳ ಮಾತು ಕೇಳಿದ ಮೇಲೆ ಅಳೆದು ನೋಡೋಣ ಅನ್ನಿಸಿತು.

ತಾಪಮಾನ ದಾಖಲಿಸುವ ಎರಡು ಸಣ್ಣ ಲಾಗರ್ ತಂದೆ. ಮೊದಲನೆಯದನ್ನು ಕಾಂಪೌಂಡ್ ಗೋಡೆಗೆ ಮೊಳೆ ಹೊಡೆದು ನೇತುಹಾಕಿದೆ. ಅದೇ ತಪ್ಪಾಯಿತು. ಅದು ಗಾಳಿಯ ಬಿಸಿ ಬಿಟ್ಟು ಗೋಡೆಯ ಬಿಸಿಯನ್ನೇ ತೋರಿಸುತ್ತಿತ್ತು. ವಾರದ ಲೆಕ್ಕವೆಲ್ಲ ಹಾಳು. ಆಮೇಲೆ ಬಿಳಿ ಪ್ಲಾಸ್ಟಿಕ್ ತಟ್ಟೆಗಳನ್ನು ಸಂದಿ ಬಿಟ್ಟು ಒಂದರ ಮೇಲೊಂದು ಜೋಡಿಸಿ, ಅದರೊಳಗೆ ಲಾಗರ್ ಇಟ್ಟು, ಗೋಡೆಯಿಂದ ದೂರ, ಎದೆಯೆತ್ತರಕ್ಕೆ ಕಟ್ಟಿದೆ. ಎರಡನೆಯದನ್ನು ಅಷ್ಟೇ ಎತ್ತರದಲ್ಲಿ, ಕೆಲವು ಕಿಲೋಮೀಟರ್ ದೂರದಲ್ಲಿದ್ದ ಗೆಳೆಯರ ತೋಟದಲ್ಲಿ ಇಟ್ಟೆ.

ಮಧ್ಯಾಹ್ನ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಬಿಸಿ! ವ್ಯತ್ಯಾಸ ಶುರುವಾಗುತ್ತಿದ್ದದ್ದು ಸಂಜೆ ಆರರ ಮೇಲೆ. ರಾತ್ರಿ ಹತ್ತಕ್ಕೆ ನಮ್ಮ ಬೀದಿ ತೋಟಕ್ಕಿಂತ ಮೂರು ಡಿಗ್ರಿ ಜಾಸ್ತಿ ಇರುತ್ತಿತ್ತು. ಆಕಾಶ ತಿಳಿಯಾಗಿ ಗಾಳಿ ಬೀಸದ ರಾತ್ರಿ ಈ ಅಂತರ ಎದ್ದು ಕಾಣುತ್ತಿತ್ತು. ಮೋಡ ಕವಿದ ರಾತ್ರಿ ಅಥವಾ ಜೋರು ಗಾಳಿಯಿದ್ದ ರಾತ್ರಿ ಒಂದು ಡಿಗ್ರಿಗೂ ಇಳಿಯುತ್ತಿತ್ತು. ಇದು ಹೊಸ ಸಂಗತಿಯಲ್ಲ. 19ನೇ ಶತಮಾನದ ಆರಂಭದಲ್ಲೇ ಲ್ಯೂಕ್ ಹೋವರ್ಡ್ ಎಂಬಾತ ಲಂಡನ್ ಊರೊಳಗಿನ ರಾತ್ರಿ ಸುತ್ತಲಿನ ಹಳ್ಳಿಗಳಿಗಿಂತ ಸುಮಾರು ಎರಡು ಡಿಗ್ರಿ ಸೆಲ್ಸಿಯಸ್ ಬಿಸಿ ಅಂತ ಲೆಕ್ಕ ಹಾಕಿದ್ದ. ಹಗಲಿನಲ್ಲಿ ಊರು ಹಳ್ಳಿಗಿಂತ ಕೂದಲೆಳೆಯಷ್ಟು ತಂಪೇ ಇತ್ತಂತೆ.

ಯಾಕೆ ಹೀಗೆ? ಕಾಂಕ್ರೀಟು, ಇಟ್ಟಿಗೆ, ಡಾಂಬರು ಇಡೀ ದಿನ ಬಿಸಿಲು ಕುಡಿದು ರಾತ್ರಿ ಕಕ್ಕುತ್ತವೆ. ಬಯಲಾದರೆ ಆ ಬಿಸಿ ಸೀದಾ ಆಕಾಶಕ್ಕೆ ಹೋಗುತ್ತದೆ. ನಮ್ಮ ರಸ್ತೆಯ ನಡುವೆ ನಿಂತು ತಲೆ ಎತ್ತಿದರೆ ಕಾಣುವುದು ಒಂದು ಪಟ್ಟಿಯಷ್ಟು ಆಕಾಶ. ಒಂದು ಗೋಡೆ ಬಿಟ್ಟ ಬಿಸಿಯನ್ನು ಎದುರಿನ ಗೋಡೆ ಹೀರಿಕೊಳ್ಳುತ್ತದೆ. ಆರಲು ದಾರಿಯೇ ಇಲ್ಲ. ಅದರ ಮೇಲೆ ಎ.ಸಿ. ಮನೆಯೊಳಗಿಂದ ತೆಗೆದ ಬಿಸಿಯ ಜೊತೆಗೆ, ತಾನು ಉಂಡ ಕರೆಂಟನ್ನೂ ಬಿಸಿಯಾಗಿಸಿ ಅದು ಬೀದಿಗೆ ಸುರಿಯುತ್ತದೆ. ನಮ್ಮ ಬೀದಿಯಲ್ಲಿ ಆಗ ಒಂಬತ್ತು ಎ.ಸಿ. ಇದ್ದವು.

ಮೊದಲು ಕೈಹಾಕಿದ್ದು ನಮ್ಮ ತಾರಸಿಗೆ. ಐದು ಇಂಚಿನ ಸ್ಲ್ಯಾಬ್ ಮಧ್ಯಾಹ್ನದ ಬಿಸಿಯನ್ನು ಒಳಗಿಳಿಸಲು ನಾಲ್ಕೈದು ತಾಸು ತೆಗೆದುಕೊಳ್ಳುತ್ತದೆ. ಅದಕ್ಕೇ ಮೇಲ್ಮನೆಯ ಸೀಲಿಂಗ್ ಹೆಚ್ಚು ಕಾಯುವುದು ಸಂಜೆ ಏಳು–ಎಂಟಕ್ಕೆ, ಮಗು ಮಲಗುವ ಹೊತ್ತಿಗೆ ಸರಿಯಾಗಿ. ತಾರಸಿ ಬೆಳ್ಳಗಿದ್ದರೆ ಬಿಸಿಲು ಕುಡಿಯುವುದು ಕಡಿಮೆ. ಅದಕ್ಕೆಂದೇ ಕೂಲ್ ರೂಫ್ ಪೇಂಟ್ ಅಂತ ಸಿಗುತ್ತದೆ, ಚೆನ್ನಾಗಿಯೂ ಇದೆ. ಆದರೆ ಬೀದಿಯವರೆಲ್ಲ ಮಾಡುವಂತಿರಬೇಕು ಅಂತ ನಾನು ಸುಣ್ಣ ಆರಿಸಿಕೊಂಡೆ. 600 ಚದರ ಅಡಿಗೆ 20 ಕೆಜಿ ಸುಣ್ಣ, 4 ಕೆಜಿ ಬಿಳಿ ಸಿಮೆಂಟ್, ಅರ್ಧ ಕೆಜಿ ಬಿಳಿ ಅಂಟು. ಸುಣ್ಣವನ್ನು ಹಿಂದಿನ ರಾತ್ರಿಯೇ ನೆನೆಹಾಕಿ ಸೋಸಿದೆವು. ಬಿಳಿ ಸಿಮೆಂಟನ್ನು ಬಳಿಯುವ ಮುಂಚೆ, ಆಗಾಗ ಸ್ವಲ್ಪ ಸ್ವಲ್ಪವೇ ಬೆರೆಸಿಕೊಂಡೆವು.

ನಾನು ಬೆಳಗ್ಗೆಯೇ ಬಳಿಸಲು ಹೊರಟಿದ್ದೆ. ನಮ್ಮ ಮೇಸ್ತ್ರಿ ತಡೆದರು. "ಬಿಸಿಲಲ್ಲಿ ಹೊಡೆದ್ರೆ ಹಿಟ್ಟಾಗಿ ಏಳುತ್ತೆ ಸಾರ್. ಸಂಜೆ ಮಾಡೋಣ, ತಾರಸಿ ಒದ್ದೆ ಮಾಡ್ಕೊಂಡು." ಅವರು ಹೇಳಿದ್ದು ಸರಿ. ಸುಣ್ಣ ಬೇಗ ಒಣಗಿದರೆ ಹಿಡಿಯುವುದಿಲ್ಲ. ಪಾಚಿಯನ್ನು ತಂತಿ ಬ್ರಷ್‌ನಿಂದ ಉಜ್ಜಿ ತೆಗೆದು, ನೀರು ಚಿಮುಕಿಸಿ, ಎರಡು ಸಂಜೆ ಎರಡು ಕೋಟ್ ಬಳಿದೆವು. ನಡುವೆ ಬೆಳಗ್ಗೆ ಹದವಾಗಿ ನೀರು ಕೊಟ್ಟೆವು.

ಹೋಲಿಕೆಗೆಂದು ಒಂದು ಮೂಲೆ ಹಾಗೇ ಬಿಟ್ಟಿದ್ದೆ. ಮರುವಾರ ಮಧ್ಯಾಹ್ನ ಎರಡೂವರೆಗೆ ಬಿಟ್ಟ ಮೂಲೆ 56 ಡಿಗ್ರಿ, ಸುಣ್ಣದ ಭಾಗ 41. ರಾತ್ರಿ ಎಂಟಕ್ಕೆ ಮೇಲ್ಮನೆಯ ಸೀಲಿಂಗ್ ಮೊದಲಿಗಿಂತ ನಾಲ್ಕು ಡಿಗ್ರಿ ಕಡಿಮೆ. ಕೋಣೆಯ ಗಾಳಿಯಲ್ಲಿ ಇಳಿದದ್ದು ಎರಡು ಡಿಗ್ರಿ ಮಾತ್ರ. ಆದರೆ ಮಲಗಿದವರಿಗೆ ಗಾಳಿಯ ಬಿಸಿಯ ಜೊತೆಗೆ ಸೀಲಿಂಗಿನ ಝಳವೂ ತಟ್ಟುತ್ತದೆ, ಹಾಗಾಗಿ ಆ ನಾಲ್ಕು ಡಿಗ್ರಿ ಅವರಿಗೆ ಗೊತ್ತಾಯಿತು.

ಬಂದೂಕಿನಂತೆ ಹಿಡಿದು ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಇಟ್ಟುಕೊಂಡವರಿಗೆ ಒಂದು ಮಾತು. ಹೊಳೆಯುವ ಜಿಂಕ್ ಶೀಟಿನ ಮೇಲೆ ಅದನ್ನು ನಂಬಬೇಡಿ. ಎದುರು ಮನೆಯ ಶೀಟು 30 ಅಂತ ತೋರಿಸಿತು, ಮುಟ್ಟಿದರೆ ಕೈ ಸುಟ್ಟಿತು. ಹೊಳೆಯುವ ಲೋಹ ತನ್ನ ಬಿಸಿಯನ್ನು ಸುಲಭವಾಗಿ ಹೊರಸೂಸುವುದಿಲ್ಲ, ಆಕಾಶದ ತಂಪನ್ನೇ ಕನ್ನಡಿಯಂತೆ ತೋರಿಸುತ್ತದೆ. ಶೀಟಿನ ಮೇಲೆ ಕಾಗದದ ಟೇಪ್ ಅಂಟಿಸಿ, ಸ್ವಲ್ಪ ಹೊತ್ತು ಬಿಟ್ಟು, ಟೇಪಿನ ಮೇಲೆ ಅಳೆಯಬೇಕು. ಶೀಟು ಹೊಳೆದರೂ ಕಾಯುವುದು ಹೀಗೆ ಬಿಸಿಯನ್ನು ಹೊರಸೂಸದ ಕಾರಣಕ್ಕೇ. ಅದಕ್ಕೂ ಬಿಳಿ ಬಣ್ಣ ಬೇಕು.

ಮುಂದಿನ ಬೇಸಿಗೆಗೆ ಹನ್ನೊಂದು ಮನೆಯವರು ಸುಣ್ಣ ಬಳಿಸಿದರು. ಆ ಹುರುಪಿನಲ್ಲಿ ಒಂದು ತಪ್ಪು ಮಾಡಿದೆವು. ಪಶ್ಚಿಮಕ್ಕೆ ಮುಖ ಮಾಡಿದ ಉದ್ದನೆಯ ಕಾಂಪೌಂಡ್ ಗೋಡೆಗೂ ಬಿಳಿ ಹೊಡೆಸಿದೆವು. ಗೋಡೆ ತಂಪಾಯಿತು, ಆದರೆ ಅದರ ಪಕ್ಕ ನಡೆಯುವವರಿಗೆ ಬಿಸಿಲು ಎರಡು ಕಡೆಯಿಂದ ಹೊಡೆಯತೊಡಗಿತು. ತಾರಸಿ ಬಿಸಿಲನ್ನು ಮೇಲಕ್ಕೆ ಕಳಿಸುತ್ತದೆ, ಗೋಡೆ ಜನರ ಮುಖಕ್ಕೆ ಕಳಿಸುತ್ತದೆ. ಅದಕ್ಕೆ ಬಳ್ಳಿ ಹಬ್ಬಿಸಿ ಸರಿಮಾಡಿದೆವು.

ಇಷ್ಟಾದರೂ ಬೀದಿಯ ಲಾಗರ್‌ನಲ್ಲಿ ರಾತ್ರಿಯ ಬಿಸಿ ಇಳಿಯಲಿಲ್ಲ. ಇದನ್ನು ಮುಚ್ಚಿಡಬಾರದು. ಹನ್ನೊಂದು ತಾರಸಿಯಿಂದ ಆ ಮನೆಗಳು ತಂಪಾಗುತ್ತವೆ, ಬೀದಿಯ ಗಾಳಿ ಅಲ್ಲ. ಗಾಳಿ ಹರಿಯುತ್ತದೆ, ಪಕ್ಕದ ಬೀದಿಗಳ ಬಿಸಿಯೂ ನಮ್ಮದೇ. ಅದಕ್ಕೆ ಇಡೀ ವಾರ್ಡೇ ಬದಲಾಗಬೇಕು. ತೆಲಂಗಾಣ 2023ರಲ್ಲಿ ತಂಪು ಛಾವಣಿಗೆ ಅಂತಲೇ ರಾಜ್ಯದ ನೀತಿ ತಂದದ್ದು ನನಗೆ ಇದೇ ಕಾರಣಕ್ಕೆ ಮುಖ್ಯ ಅನ್ನಿಸುತ್ತದೆ.

ಬೀದಿಗಾಗಿ ನಾವು ಮಾಡಬಹುದಾಗಿದ್ದು ರಸ್ತೆಗೆ ಬಿಸಿಲು ಬೀಳದ ಹಾಗೆ ನೋಡಿಕೊಳ್ಳುವುದು. ನಮ್ಮಲ್ಲಿದ್ದ ಎರಡು ಹಳೆಯ ಹೊಂಗೆ ಮರಗಳ ಕೆಳಗೆ ಮಧ್ಯಾಹ್ನ ಡಾಂಬರು 36 ಡಿಗ್ರಿ, ಹತ್ತು ಹೆಜ್ಜೆ ಆಚೆ 57. ಮರ ನೆರಳು ಕೊಡುವುದರ ಜೊತೆಗೆ ಎಲೆಗಳಿಂದ ನೀರು ಆವಿ ಮಾಡುತ್ತದೆ. ಒಂದು ಲೀಟರ್ ನೀರು ಆವಿಯಾದರೆ ಸುಮಾರು ಮುಕ್ಕಾಲು ಯೂನಿಟ್ ಕರೆಂಟಿಗೆ ಸ್ವಲ್ಪ ಕಡಿಮೆ ಬಿಸಿಯನ್ನು ಅದು ಗಾಳಿಯಿಂದ ತೆಗೆಯುತ್ತದೆ. ಬೇರಿಗೆ ನೀರಿಲ್ಲದಿದ್ದರೆ ಮರ ಎಲೆಯ ರಂಧ್ರ ಮುಚ್ಚಿಕೊಳ್ಳುತ್ತದೆ, ಆ ತಂಪೂ ನಿಲ್ಲುತ್ತದೆ. ನಮ್ಮ ಹೊಂಗೆಗಳಿಗೆ ಕಾಂಡದವರೆಗೂ ಸಿಮೆಂಟ್ ಬಳಿದಿದ್ದರು. ಅನುಮತಿ ಪಡೆದು ನಾಲ್ಕು ಅಡಿ ಚೌಕ ಒಡೆಸಿ, ಮಣ್ಣು ಸಡಿಲಿಸಿ, ಒಣ ಎಲೆ ಹೊದಿಸಿದೆವು. ಮಳೆನೀರು ಒಳಗೆ ಇಳಿಯುವಂತೆ ಅಂಚಿನ ಕಲ್ಲಿನಲ್ಲಿ ಸಂದಿ ಬಿಟ್ಟೆವು.

ಹೊಸದಾಗಿ ಏಳು ಸಸಿ ನೆಟ್ಟೆವು. ಹೂವು ಚೆನ್ನ ಅಂತ ಕೆಲವರು ಗುಲ್‌ಮೊಹರ್ ಕೇಳಿದರು. ಬಿಸಿಲು ಏರುವ ಮಾರ್ಚ್‌ನಲ್ಲಿ ಅದು ಬೋಳಾಗಿ ನಿಂತಿರುತ್ತದೆ ಅಲ್ವಾ? ಹೊಂಗೆ ಎಲೆ ಉದುರಿಸಿದರೂ ಬೇಗ ಚಿಗುರಿ ಏಪ್ರಿಲ್ ಹೊತ್ತಿಗೆ ದಟ್ಟವಾಗಿರುತ್ತದೆ. ಅದನ್ನೇ ನೆಟ್ಟೆವು. ಎರಡು ಸತ್ತವು, ಗುಂಡಿಯೊಳಗೆ ಕಟ್ಟಡದ ಡೆಬ್ರಿಸ್ ತುಂಬಿತ್ತು. ಮೂರಡಿ ಅಗೆದು ಅದನ್ನೆಲ್ಲ ತೆಗೆದು ಮತ್ತೆ ನೆಟ್ಟಿದ್ದೇವೆ. ಉಳಿದ ಐದು ಈಗ ನನ್ನ ತಲೆಗಿಂತ ಎತ್ತರ ಇವೆ.

ತಾರಸಿಯ ಸುಣ್ಣ ಒಂದು ಮಳೆಗಾಲಕ್ಕೆ ಮಾಸುತ್ತದೆ, ಧೂಳು ಕೂರುತ್ತದೆ. ಹೋದ ಜನವರಿಯಲ್ಲಿ ಅಳೆದಾಗ ಬಿಟ್ಟ ಮೂಲೆಗೂ ಅದಕ್ಕೂ ಅಂತರ ಅರ್ಧಕ್ಕೆ ಇಳಿದಿತ್ತು. ಅದಕ್ಕೇ ಪ್ರತಿ ಫೆಬ್ರವರಿ ಒಂದು ಕೋಟ್ ಬಳಿಯುತ್ತೇವೆ. ಈ ಸಲ ಆ ಹೆಣ್ಣುಮಗಳೇ ಸುಣ್ಣ ನೆನೆಹಾಕಿ ನನ್ನನ್ನು ಕೂಗಿದಳು.