ಕ್ರಿಸ್ಟಲ್ ವೈಲೆಟ್ ಬಣ್ಣ ಮಾಸುವಾಗ ನಾನು ΔH‡, ΔS‡ ಅಳೆದದ್ದು

ಎಂಎಸ್ಸಿ ಪ್ರಾಜೆಕ್ಟಿಗೆ ನಾನು ಹಿಡಿದದ್ದು ಹಳೇ ಪ್ರಯೋಗ: ಕ್ರಿಸ್ಟಲ್ ವೈಲೆಟ್‌ಗೆ ಸೋಡಿಯಂ ಹೈಡ್ರಾಕ್ಸೈಡ್ ಬೆರೆಸುವುದು. ಹೈಡ್ರಾಕ್ಸೈಡ್ ಹೋಗಿ ಅಂಟಿಕೊಂಡ ಹಾಗೆ ನೇರಳೆ ಬಣ್ಣ ಮಾಸುತ್ತದೆ. ಬೆರಳಿಗೆ ಹತ್ತಿದ್ದು ಮಾತ್ರ ಸುಲಭಕ್ಕೆ ಮಾಸಲ್ಲ. ಈ ಕ್ರಿಯೆ ದಾಟಬೇಕಾದ ತಡೆಯ ಎಂಥಾಲ್ಪಿ ΔH‡, ಎಂಟ್ರೊಪಿ ΔS‡ ಎಷ್ಟು ಅಂತ ನೋಡುವುದು ನನ್ನ ಕೆಲಸ.

ಹೈಡ್ರಾಕ್ಸೈಡ್ 0.020 M, ಬಣ್ಣ ಅದಕ್ಕಿಂತ ಸಾವಿರಾರು ಪಟ್ಟು ಕಡಿಮೆ. 590 nm ನಲ್ಲಿ ಅಬ್ಸಾರ್ಬೆನ್ಸ್ ಇಳಿಯುವುದನ್ನು ನೋಡಿ, ವಾಟರ್ ಬಾತ್ ಅನ್ನು 15, 25, 35, 45 ಡಿಗ್ರಿಗೆ ಇಟ್ಟು ದರ ಸ್ಥಿರಾಂಕ ತೆಗೆದು, ಅದನ್ನು ಹೈಡ್ರಾಕ್ಸೈಡಿನ ಸಾಂದ್ರತೆಯಿಂದ ಭಾಗಿಸಿ k ಪಡೆದೆ. ಬಂದದ್ದು 0.093, 0.20, 0.41, 0.81 M⁻¹s⁻¹. ಆಮೇಲೆ ಉಷ್ಣತೆಯ ಜೊತೆ k ಹೇಗೆ ಬದಲಾಗುತ್ತದೆ ಅಂತ ಹೇಳುವ ಐರಿಂಗ್ ಸಮೀಕರಣ:

```
ln(k/T) = 23.76 + ΔS‡/R − ΔH‡/(RT)
```

1/T ಎದುರು ln(k/T) ಹಾಕಿದರೆ ಗೆರೆಯ ಇಳಿಜಾರಿನಿಂದ ΔH‡, ಇಂಟರ್ಸೆಪ್ಟ್‌ನಿಂದ ΔS‡. ಗೆರೆ ಎಷ್ಟು ನೇರ ಬಂತೆಂದರೆ ಖುಷಿಯಾಯಿತು. ΔH‡ 52 kJ/mol, ΔS‡ −83 J/K/mol. ಆದರೆ ಹಿಂದಿನ ಬ್ಯಾಚಿನವರಿಗೆ ΔH‡ ಸುಮಾರು 60 ಬಂದಿತ್ತು.

ಎರಡು ದಿನ ತಲೆ ಕೆಡಿಸಿಕೊಂಡು, ಕೊನೆಗೆ ಕ್ಯೂವೆಟ್ ಒಳಗೇ ಥರ್ಮೋಕಪಲ್ ಇಳಿಸಿದೆ. ಬಾತ್ 45 ಅಂತ ತೋರಿಸುತ್ತಿದ್ದರೂ ಒಳಗೆ 42.5. 35ಕ್ಕೆ 33.8. 15ಕ್ಕೆ 16.2. ಕೊಠಡಿಯ ಶಾಖಕ್ಕೆ ಹತ್ತಿರದ 25ರಲ್ಲಿ ಮಾತ್ರ ಎರಡೂ ಒಂದೇ. ಪೈಪಿನಲ್ಲಿ ಬರುವಷ್ಟರಲ್ಲಿ ನೀರು ಕೊಠಡಿಯ ಕಡೆಗೆ ವಾಲುತ್ತಿತ್ತು. ಈ ತಪ್ಪು 25ರಿಂದ ಎರಡೂ ಕಡೆ ದೂರ ಹೋದಷ್ಟೂ ಒಂದೇ ಅನುಪಾತದಲ್ಲಿ ಬೆಳೆದದ್ದರಿಂದ ಗೆರೆ ಬಾಗಲಿಲ್ಲ, ಸುಮ್ನೆ ಚಪ್ಪಟೆಯಾಯಿತು ಅಷ್ಟೇ. ಗೆರೆ ಎಷ್ಟು ನೇರ ಅನ್ನುವುದನ್ನು ಮಾತ್ರ ಹೇಳುವ R² ನೋಡಿ ಇದು ಗೊತ್ತಾಗುವುದೇ ಇಲ್ಲ. k ಗಳನ್ನು ಹಾಗೇ ಬಿಟ್ಟು ಉಷ್ಣತೆ ಮಾತ್ರ ಸರಿಪಡಿಸಿದಾಗ ΔH‡ 60, ΔS‡ −57 ಆಯಿತು.

ಇಲ್ಲಿ ಒಂದು ವಿಚಿತ್ರ ಇದೆ. ತಡೆಯ ಒಟ್ಟು ಎತ್ತರವಾದ ΔG‡ = ΔH‡ − TΔS‡ ಅನ್ನು 25 ಡಿಗ್ರಿಗೆ ಲೆಕ್ಕ ಹಾಕಿದರೆ ತಪ್ಪು ಜೋಡಿಗೂ 77, ಸರಿ ಜೋಡಿಗೂ 77! 25ರಲ್ಲಿ ಉಷ್ಣತೆ ಸರಿಯಾಗೇ ಇತ್ತು, ΔG‡ ಅಲ್ಲಿ ನಾವು ಅಳೆದ k ಯಿಂದಲೇ ಬರುತ್ತದೆ, ಅಲ್ವಾ. ಹಾಗಾಗಿ ಎಂಥಾಲ್ಪಿ ಕಡಿಮೆ ಬಂದರೆ ಎಂಟ್ರೊಪಿ ಅದಕ್ಕೆ ತಕ್ಕಂತೆ ಜಾಸ್ತಿ ಋಣವಾಗಿ ಸರಿದೂಗಿಸುತ್ತದೆ. ΔG‡ ಸರಿ ಬಂತು ಅಂತ ನೆಮ್ಮದಿ ಪಡುವ ಹಾಗಿಲ್ಲ.

ಡ್ರಾಫ್ಟ್ ತೋರಿಸಿದಾಗ ಗೈಡ್ ಮೇಡಂ ಪೆನ್ಸಿಲ್ಲಿನಿಂದ ΔS‡ ಸುತ್ತ ಒಂದು ಸುತ್ತು ಹಾಕಿ, "ಇದರ ಯೂನಿಟ್ ಎಲ್ಲಿಂದ ಬಂತಮ್ಮ?" ಅಂದರು. ಒಂದು ಕೋಷ್ಟಕದಲ್ಲಿ ನಾನು ಹೈಡ್ರಾಕ್ಸೈಡಿನಿಂದ ಭಾಗಿಸದ, ಬರೀ s⁻¹ ಇರುವ k ಹಾಕಿಬಿಟ್ಟಿದ್ದೆ. ಅಲ್ಲಿ ΔH‡ ಅದೇ 60, ΔS‡ ಮಾತ್ರ −90. ಇಳಿಜಾರಿಗೆ ಯೂನಿಟ್ ತಾಗುವುದಿಲ್ಲ, ಇಂಟರ್ಸೆಪ್ಟ್‌ಗೆ R ln 0.020, ಅಂದರೆ −32.5 ಸೇರಿಕೊಳ್ಳುತ್ತದೆ.

ಈಗ ΔS‡ ಬರೆದರೆ ಪಕ್ಕದಲ್ಲಿ ಪ್ರಮಾಣ ಸ್ಥಿತಿ 1 M ಅಂತ ಹಾಕುತ್ತೇನೆ. ΔH‡ ನಲ್ಲಿ ±2 kJ ಇದ್ದರೆ ΔS‡ ನಲ್ಲಿ ±7 J/K ಅಂತಲೂ.