ಗಡ್ಡದೊಳಗೆ ತುರಿಕೆ, ಹೊಟ್ಟು ಇದ್ದವರಿಗೆ

ತೀರ್ಥಹಳ್ಳಿ ಕಡೆ ಚಳಿ ಶುರುವಾದ್ರೆ ಹಂಡೆಯ ಸುಡುಸುಡು ನೀರೇ ಬೇಕು ಅಲ್ವಾ, ನಾನೂ ಅದೇ ನೀರು ಮುಖಕ್ಕೆ ಹಾಕಿ, ಮೈಸೋಪಿನಲ್ಲೇ ಗಡ್ಡ ತಿಕ್ಕುತ್ತಿದ್ದೆ. ಡಿಸೆಂಬರ್ ಹೊತ್ತಿಗೆ ಕಪ್ಪು ಶರ್ಟಿನ ಮೇಲೆಲ್ಲ ಬಿಳಿ ಪುಡಿ. ಕೂದಲು ಬಿಡಿಸಿ ನೋಡಿದರೆ ಗಲ್ಲದ ಚರ್ಮ ಸಣ್ಣಗೆ ಬಿರಿದಿತ್ತು.

ಬಿಸಿನೀರು ಮತ್ತು ಸೋಪು ಚರ್ಮದ ಜಿಡ್ಡನ್ನು ಪೂರ್ತಿ ತೆಗೆದುಬಿಡುತ್ತವೆ. ಈಗ ಮುಖಕ್ಕೆ ಉಗುರುಬೆಚ್ಚಗಿನ ನೀರು, ದಿನಕ್ಕೆ ಒಂದೇ ಸಲ ಮೃದುವಾದ ಫೇಸ್‌ವಾಶ್. ಬೆರಳ ತುದಿಯಿಂದ ಬುಡದವರೆಗೆ ಉಜ್ಜಿ, ನೊರೆ ಉಳಿಯದ ಹಾಗೆ ತೊಳೆಯಿರಿ, ಉಗುರು ಹಾಕಬೇಡಿ. ಟವೆಲ್‌ನಲ್ಲಿ ಒತ್ತಿ, ಚರ್ಮ ಇನ್ನೂ ಸ್ವಲ್ಪ ಒದ್ದೆ ಇರುವಾಗಲೇ ವಾಸನೆ ಇಲ್ಲದ ತೆಳು ಮಾಯಿಶ್ಚರೈಸರನ್ನು ಕಡಲೆಕಾಳಿನಷ್ಟು ತೆಗೆದುಕೊಂಡು ಬುಡಕ್ಕೆ ತಾಗಿಸಿ. ಕೂದಲ ಮೇಲೆ ಸುಮ್ನೆ ಸವರಿದರೆ ಚರ್ಮಕ್ಕೆ ಏನೂ ಸಿಗುವುದಿಲ್ಲ. ನನಗೆ ಎರಡು ವಾರದಲ್ಲಿ ಪುಡಿ ನಿಂತಿತು.

ಆದರೆ ಹೊಟ್ಟು ಹಳದಿಯಾಗಿ ಅಂಟಂಟಾಗಿದ್ದು, ಮೂಗಿನ ಪಕ್ಕ, ಹುಬ್ಬಿನಲ್ಲೂ ಕೆಂಪಗಿದ್ದರೆ ಅದು ಬರೀ ಒಣ ಚರ್ಮ ಅಲ್ಲ, ತಲೆಹೊಟ್ಟಿನ ಜಾತಿಯದೇ. ಅಲ್ಲಿ ಕೊಬ್ಬರಿ ಎಣ್ಣೆ ಹಚ್ಚಬೇಡಿ, ಚರ್ಮದ ಮೇಲಿನ ಯೀಸ್ಟ್ ಅಂಥ ಜಿಡ್ಡನ್ನೇ ತಿಂದು ಜಾಸ್ತಿಯಾಗುತ್ತದೆ. ಶೇ. 2ರ ಕೀಟೋಕೊನಜೋಲ್ ಶಾಂಪೂ ವಾರಕ್ಕೆ ಎರಡು ಸಲ ಬುಡಕ್ಕೆ ಹಚ್ಚಿ, 3ರಿಂದ 5 ನಿಮಿಷ ಬಿಟ್ಟು ತೊಳೆಯಿರಿ. ಅದು ಚರ್ಮ ಒಣಗಿಸಬಹುದು, ಹಾಗಾಗಿ ಆಮೇಲೆ ಮಾಯಿಶ್ಚರೈಸರ್ ಬಿಡಬೇಡಿ. ನಾಲ್ಕು ವಾರಕ್ಕೂ ತಗ್ಗದಿದ್ದರೆ, ಅಥವಾ ದುಂಡಗೆ ಕೂದಲು ಉದುರಿದರೆ, ಕೀವು ಕಂಡರೆ ಚರ್ಮದ ಡಾಕ್ಟರಿಗೆ ತೋರಿಸಿ.