ಒಂದೇ ವಾರದಲ್ಲಿ ಮೂರು ಹಬ್ಬ: ಗ್ರಾಹಕರಿಗೆ ಶುಭಾಶಯದ ಇಮೇಲ್ ಬರೆದ ನನ್ನ ಅನುಭವ

ಮಂಗಳೂರಿನ ಬೈಕಂಪಾಡಿಯ ಒಂದು ಗೋಡಂಬಿ ಕಂಪನಿಯ ಮಾರಾಟ ವಿಭಾಗದಲ್ಲಿ ನನಗೆ ಕೆಲಸ. ನಮ್ಮಿಂದ ಗೋಡಂಬಿ ತರಿಸಿಕೊಳ್ಳುವವರು ಸುಮಾರು 140 ಮಂದಿ. ಮಂಗಳೂರು, ಉಡುಪಿ, ಕಾಸರಗೋಡಿನ ಅಂಗಡಿಯವರಿದ್ದಾರೆ. ಬೆಂಗಳೂರು, ಹೈದರಾಬಾದ್, ಸೂರತ್, ಕೊಲ್ಕತ್ತಾದ ಸ್ವೀಟ್ ಮಾರಾಟಗಾರರಿದ್ದಾರೆ. ದುಬೈಯಲ್ಲಿ ಕೆಲವು ಸಗಟು ವ್ಯಾಪಾರಿಗಳಿದ್ದಾರೆ. ಇವರಿಗೆಲ್ಲ ಹಬ್ಬದ ಶುಭಾಶಯದ ಮೇಲ್ ಕಳಿಸುವುದು ನನ್ನ ಪಾಲಿಗೆ ಬಂದ ಕೆಲಸ.

2022ರಲ್ಲಿ ಯುಗಾದಿ ಏಪ್ರಿಲ್ 2ಕ್ಕೆ ಬಂತು. ಎಲ್ಲರಿಗೂ ಒಂದೇ ಮೇಲ್ ಕಳಿಸಿದೆ. ಬೇವು ಬೆಲ್ಲ, ಬಾಳೆ ಎಲೆಯಲ್ಲಿ ಹೋಳಿಗೆ ಇರುವ ಚಿತ್ರ, ಕೆಳಗೆ ‘ಹೊಸ ವರ್ಷದ ಶುಭಾಶಯಗಳು’. ಅವತ್ತು ದುಬೈಯಲ್ಲಿ ರಂಜಾನಿನ ಮೊದಲ ಉಪವಾಸ. ಹಗಲು ಹೊತ್ತು ನೀರೂ ಕುಡಿಯದೆ ಇರುವವರ ಮುಂದೆ ಹೋಳಿಗೆ ಇಟ್ಟ ಹಾಗಾಯಿತು. ಅವರು ಏನೂ ಹೇಳಲಿಲ್ಲ. ಹೇಳಿದವರು ಬೇರೆಯವರು. ಕಾಸರಗೋಡಿನ ಅಂಗಡಿಯವರು ‘ನಮಗೆ ವಿಷು ಇನ್ನೂ ಬರಬೇಕಷ್ಟೆ’ ಎಂದು ಬರೆದರು. ಸೂರತ್‌ನವರು ತಮ್ಮ ಹೊಸ ವರ್ಷ ದೀಪಾವಳಿಯ ಮಾರನೇ ದಿನ ಎಂದು ತಿಳಿಸಿದರು. ಮೂಲ್ಕಿಯ ಒಬ್ಬರು ಹಿರಿಯರಂತೂ ಫೋನ್ ಮಾಡಿಯೇ ಕೇಳಿದರು: “ಮಗಾ, ನೀನು ತುಳುವಳಲ್ವಾ? ನಮ್ಮದು ಬಿಸು ಅಂತ ನಿನಗೆ ಗೊತ್ತಿಲ್ವಾ?” ಗೊತ್ತಿತ್ತು. ಬಿಸು ಎಂದರೆ ತುಳುವರ ಹೊಸ ವರ್ಷ. ಬೆಳಗ್ಗೆ ಎದ್ದ ಕೂಡಲೇ ನೋಡಲು ಹಣ್ಣು, ತರಕಾರಿ, ಕನ್ನಡಿ ಜೋಡಿಸಿ ಕಣಿ ಇಡುವುದು ನಮ್ಮ ಮನೆಯಲ್ಲೂ ಬಿಸುವಿಗೇ. ಆದರೂ ಕ್ಯಾಲೆಂಡರಿನಲ್ಲಿ ಕೆಂಪು ಅಕ್ಷರ ಕಂಡಿತು, ಕಳಿಸಿಬಿಟ್ಟಿದ್ದೆ. ಆ ಫೋನ್ ಇಟ್ಟ ಮೇಲೆ ನನಗೆ ನಿಜಕ್ಕೂ ಬೇಜಾರಾಯಿತು.

ಅಲ್ಲಿಂದ ಒಂದು ಎಕ್ಸೆಲ್ ಶೀಟ್ ಶುರು ಮಾಡಿದೆ. ಅದರಲ್ಲಿ ನಾಲ್ಕೇ ಕಾಲಂ. ಅವರು ತಮ್ಮ ಮೇಲ್‌ನಲ್ಲಿ ಹೆಸರು ಹೇಗೆ ಬರೆಯುತ್ತಾರೆ, ಊರು ಯಾವುದು, ಯಾವ ಭಾಷೆಯಲ್ಲಿ ಬರೆಯಬೇಕು, ಮತ್ತು ‘ಅವರೇ ಹೇಳಿದ ಹಬ್ಬ’. ಜಾತಿ, ಧರ್ಮ ಅಂತ ಕಾಲಂ ಇಡಲಿಲ್ಲ. ಅದನ್ನು ಬರೆದಿಟ್ಟುಕೊಳ್ಳುವುದು ನನ್ನ ಕೆಲಸವಲ್ಲ, ಅದರಿಂದ ಕೆಲಸ ಸರಿಯಾಗುವುದೂ ಇಲ್ಲ. ನಾಲ್ಕನೇ ಕಾಲಂ ತುಂಬಿಸಲು ಹಳೆಯ ಮೇಲ್‌ಗಳನ್ನು ಹುಡುಕಿದೆ. ಅವರು ನಮಗೆ ಯಾವ ಹಬ್ಬಕ್ಕೆ ಶುಭಾಶಯ ಹೇಳಿದ್ದಾರೆ? ಯಾವ ಹಬ್ಬಕ್ಕೆ ಅಂಗಡಿ ರಜೆ ಎಂದು ತಿಳಿಸಿದ್ದಾರೆ? ಅದಷ್ಟೇ ಅಲ್ಲಿಗೆ ಹೋಗುತ್ತದೆ. ಎರಡು ಹಬ್ಬ ಹೇಳಿದ್ದರೆ ಎರಡನ್ನೂ ಬರೆಯುತ್ತೇನೆ. ಹೀಗೆ ಸುಮಾರು 80 ಮಂದಿಯದು ತುಂಬಿತು, ಉಳಿದದ್ದು ಖಾಲಿ.

ಖಾಲಿ ಇದ್ದಲ್ಲಿ ಹೆಸರು ನೋಡಿ ಊಹೆ ಮಾಡುವ ಆಸೆ ಆಗುತ್ತದೆ. ನಾನೂ ಒಮ್ಮೆ ಮಾಡಿದೆ. ಉಡುಪಿಯ ಒಬ್ಬ ಬೇಕರಿಯವರ ಹೆಸರು ಕ್ರೈಸ್ತರದ್ದು. ಸೆಪ್ಟೆಂಬರ್ 8ಕ್ಕೆ ‘ಮೊಂತಿ ಫೆಸ್ತ್ ಶುಭಾಶಯ’ ಎಂದು ಕಳಿಸಿದೆ. ಅವರು ಒಂದು ಸಾಲು ಬರೆದರು: ‘ಧನ್ಯವಾದ, ನಾವು ಸಿ.ಎಸ್.ಐ. ಚರ್ಚಿನವರು, ನಮಗೆ ಮೊಂತಿ ಇಲ್ಲ.’ ಮೊಂತಿ ಎಂದರೆ ಮರಿಯಮ್ಮನವರ ಹುಟ್ಟುಹಬ್ಬ, ಜತೆಗೆ ಹೊಸ ತೆನೆಯ ಹಬ್ಬ. ನಮ್ಮೂರ ಕೊಂಕಣಿ ಕೆಥೊಲಿಕರ ಮನೆಗಳಲ್ಲಿ ಅದು ದೊಡ್ಡ ದಿನ. ಪ್ರೊಟೆಸ್ಟಂಟರಿಗೆ ಅದು ಹಬ್ಬವಲ್ಲ. ಇಷ್ಟು ಹತ್ತಿರದ ಊರಿನವರ ವಿಷಯದಲ್ಲೇ ಊಹೆ ತಪ್ಪಿದ ಮೇಲೆ ಕೊಲ್ಕತ್ತಾದವರ ಬಗ್ಗೆ ನಾನು ಏನು ಊಹಿಸಲಿ?

ಶೀಟ್ ನಿಜವಾಗಿ ಕೆಲಸಕ್ಕೆ ಬಂದದ್ದು 2024ರ ಏಪ್ರಿಲ್‌ನಲ್ಲಿ. 9ಕ್ಕೆ ಮಂಗಳವಾರ ಯುಗಾದಿ. ಅದರ ಬೆನ್ನಿಗೇ ಈದ್. 14ಕ್ಕೆ ಭಾನುವಾರ ಬಿಸು, ಕೇರಳದವರಿಗೆ ವಿಷು, ತಮಿಳರಿಗೆ ಪುತ್ತಾಂಡು, ಬಂಗಾಳದವರಿಗೆ ಪೊಯ್ಲಾ ಬೈಶಾಖ್. ಒಂದು ವಾರ ಮೊದಲೇ ಕೂತು ಶೀಟನ್ನು ಮೂರು ಪಾಲು ಮಾಡಿದೆ.

ಯುಗಾದಿ ಸುಲಭವಾಗಿತ್ತು. ಬೆಂಗಳೂರು, ಹುಬ್ಬಳ್ಳಿ, ಹೈದರಾಬಾದಿನವರು, ಊರಿನ ಕೊಂಕಣಿ ಅಂಗಡಿಯವರು. ಪುಣೆಯ ಇಬ್ಬರಿಗೆ ಅದೇ ದಿನ ಗುಡಿ ಪಾಡ್ವಾ, ಹಾಗಾಗಿ ಹೆಸರು ಬದಲಿಸಿದೆ. ಇವೆಲ್ಲ ಹಿಂದಿನ ದಿನವೇ ಶೆಡ್ಯೂಲ್ ಮಾಡಿ, ಬೆಳಗ್ಗೆ ಎಂಟಕ್ಕೆ ಹೋಗುವ ಹಾಗೆ ಇಟ್ಟೆ.

ಈದ್ ಮಾತ್ರ ಶೆಡ್ಯೂಲ್ ಮಾಡಬಾರದು. ತಿಂಗಳು, ಅಂದರೆ ಚಂದ್ರ, ಕಾಣುವವರೆಗೆ ದಿನ ಗೊತ್ತಾಗುವುದಿಲ್ಲ. ನಮ್ಮ ಕರಾವಳಿಯಲ್ಲಿ ಇನ್ನೊಂದು ವಿಷಯ ಇದೆ. ದಕ್ಷಿಣ ಕನ್ನಡ, ಉಡುಪಿಯವರು ಸಾಮಾನ್ಯವಾಗಿ ಕೇರಳದಲ್ಲಿ ತಿಂಗಳು ಕಂಡ ಲೆಕ್ಕ ಹಿಡಿಯುತ್ತಾರೆ, ಬೆಂಗಳೂರಿನದ್ದಲ್ಲ. ಹಾಗಾಗಿ ಮಂಗಳೂರಿನ ಈದ್ ಬೆಂಗಳೂರಿಗಿಂತ ಒಂದು ದಿನ ಮೊದಲು ಬರುವುದುಂಟು. ಕೊಲ್ಲಿ ದೇಶಗಳದ್ದು ಬೇರೆಯೇ ಲೆಕ್ಕ. ಆದ್ದರಿಂದ ಈದ್ ಮೇಲನ್ನು ಬರೆದು ಡ್ರಾಫ್ಟ್‌ನಲ್ಲಿ ಮೂರು ಗುಂಪಾಗಿ ಇಟ್ಟೆ. ದುಬೈ, ಕರಾವಳಿ, ಉಳಿದ ಊರುಗಳು. ಒಳಗೆ ತಾರೀಕು, ವಾರ ಏನೂ ಬರೆಯಲಿಲ್ಲ.

ಕೊಲ್ಲಿಯಲ್ಲಿ 10ಕ್ಕೆ ಈದ್ ಎಂದು 8ನೇ ತಾರೀಕಿನ ರಾತ್ರಿಯೇ ಗೊತ್ತಾಯಿತು. ಊರಿನದ್ದಕ್ಕೆ 9ರ ಸಂಜೆವರೆಗೆ ಕಾಯಬೇಕಿತ್ತು. ಯುಗಾದಿ ರಜೆ, ನಾನು ಮನೆಯಲ್ಲಿ. ನಮ್ಮ ಗೋಡೌನ್ ನೋಡಿಕೊಳ್ಳುವ ಹನೀಫಾಕನಿಗೆ ಮೊದಲೇ ಹೇಳಿದ್ದೆ. ಸಂಜೆಯ ಮಗ್ರಿಬ್ ನಮಾಜ್ ಆದ ಮೇಲೆ ಅವರ ಫೋನ್ ಬಂತು. “ಅಕ್ಕಾ, ಕೇರಳದಲ್ಲಿ ತಿಂಗಳು ಕಂಡಿದೆ. ನಾಳೆಯೇ ಪೆರ್ನಾಲ್.” ಖಾಝಿಯವರ ಘೋಷಣೆ ಆಗಿದೆ ಎಂದು ಕೇಳಿ ಖಚಿತ ಮಾಡಿಕೊಂಡು, 10ರ ಬೆಳಗ್ಗೆ ಕರಾವಳಿ ಮತ್ತು ದುಬೈ ಗುಂಪಿಗೆ ಕಳಿಸಿದೆ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಅಲ್ಲಿಯದ್ದು ಸ್ವಲ್ಪ ತಡವಾಗಿ ಹೋಯಿತು. ಬೆಂಗಳೂರು, ಹೈದರಾಬಾದ್, ಮುಂಬೈಯವರಿಗೆ 11ಕ್ಕೆ ಈದ್. ಅವರದ್ದು ಒಂದು ದಿನ ಡ್ರಾಫ್ಟ್‌ನಲ್ಲೇ ಕೂತಿತ್ತು. ಎಲ್ಲರಿಗೂ 10ಕ್ಕೇ ಕಳಿಸಿದ್ದರೆ ಅವರು ಇನ್ನೂ ಉಪವಾಸದಲ್ಲಿರುವಾಗ ಹಬ್ಬದ ಮಾತು ಹೋಗಿರುತ್ತಿತ್ತು.

ಇನ್ನು ಮೇಲ್‌ನಲ್ಲಿ ಬರೆದದ್ದೇನು? ಊರಿನವರಿಗೆ ಕನ್ನಡದಲ್ಲಿ, ಹೊರಗಿನವರಿಗೆ ಇಂಗ್ಲಿಷ್‌ನಲ್ಲಿ ಬರೆಯುತ್ತೇನೆ. ವಿಷಯ ಒಂದೇ. ಈದ್‌ಗೆ ನಾನು ಮೊದಲು ಬರೆದದ್ದು ಹೀಗಿತ್ತು:

‘ಈ ಪವಿತ್ರ ಹಬ್ಬದ ಶುಭ ಸಂದರ್ಭದಲ್ಲಿ ಸರ್ವಶಕ್ತನಾದ ಭಗವಂತನು ತಮಗೂ ತಮ್ಮ ಕುಟುಂಬಕ್ಕೂ ಸುಖ, ಶಾಂತಿ, ಸಮೃದ್ಧಿ, ಆಯುರಾರೋಗ್ಯವನ್ನು ಕರುಣಿಸಲಿ ಎಂದು ಹಾರೈಸುತ್ತಾ, ಮುಂದೆಯೂ ತಮ್ಮ ಸಹಕಾರವನ್ನು ಕೋರುತ್ತೇವೆ.’

ಓದಿ ನೋಡಿದೆ. ಮದುವೆ ಕಾಗದದ ಭಾಷೆ. ಅದರಲ್ಲಿ ‘ಭಗವಂತ’ ನನ್ನ ಮನೆಯ ಮಾತು, ಅವರದ್ದಲ್ಲ. ಅವರ ದೇವರ ಹೆಸರಿನಲ್ಲಿ ನಾನು ಹರಸುವುದೂ ಸರಿ ಕಾಣಲಿಲ್ಲ. ಕೊನೆಯಲ್ಲಿ ‘ಸಹಕಾರ ಕೋರುತ್ತೇವೆ’ ಎಂದರೆ ಆರ್ಡರ್ ಕೇಳಿದ ಹಾಗೆ. ಎಲ್ಲ ತೆಗೆದ ಮೇಲೆ ಉಳಿದದ್ದು ಇದು:

‘ನಿಮಗೂ ಮನೆಯವರಿಗೂ ಈದ್ ಮುಬಾರಕ್.
ನಿಮ್ಮ ರಜೆ ಮುಗಿಯುವವರೆಗೆ ಲೆಕ್ಕದ ವಿಚಾರಕ್ಕೆ ನಮ್ಮ ಕಡೆಯಿಂದ ಫೋನ್ ಬರುವುದಿಲ್ಲ. ಹಬ್ಬ ಚೆನ್ನಾಗಿ ಆಗಲಿ.’

ಕೆಳಗೆ ನನ್ನ ಹೆಸರು, ಊರು. ಅಷ್ಟೇ. ಎರಡನೇ ಸಾಲು ಹಾಕಿದ್ದು ಸುಮ್ನೆ ಅಲ್ಲ. ನಮ್ಮ ಲೆಕ್ಕದ ವಿಭಾಗದ ರಾಜೇಶಣ್ಣನ ಹತ್ತಿರ ಮೊದಲೇ ಮಾತಾಡಿ, ಆ ಮೂರು ದಿನ ಬಾಕಿ ಕೇಳಿ ಫೋನ್ ಮಾಡುವುದಿಲ್ಲ ಎಂದು ಒಪ್ಪಿಸಿದ್ದೆ. ಬೆಳಗ್ಗೆ ಶುಭಾಶಯ ಹೋಗಿ ಮಧ್ಯಾಹ್ನ ಬಾಕಿಯ ಫೋನ್ ಹೋದರೆ ಏನು ಚಂದ?

ಬಿಸುವಿಗೂ ಇದೇ ಅಳತೆ. ತುಳುವರಿಗೆ ‘ಬಿಸು ಪರ್ಬದ ಎಡ್ಡೆಪ್ಪುಲು’ ಎಂದೇ ಬರೆದೆ, ಅದು ನನ್ನ ಭಾಷೆ. ಬೇರೆಯವರ ಭಾಷೆಯ ಮಾತನ್ನು, ಅವರು ನನಗೆ ಮೊದಲು ಬರೆದಿದ್ದರೆ ಮಾತ್ರ, ಅವರು ಬರೆದ ಹಾಗೆಯೇ ಬಳಸುತ್ತೇನೆ. ಹನೀಫಾಕನ ಬಾಯಲ್ಲಿ ‘ಪೆರ್ನಾಲ್’ ಎಷ್ಟು ಚಂದ ಕೇಳಿಸಿದರೂ ನನ್ನ ಮೇಲ್‌ನಲ್ಲಿ ‘ಈದ್’ ಎಂದೇ ಇರುತ್ತದೆ. ಸೂರತ್‌ನವರಿಗೆ ದೀಪಾವಳಿಯ ಮಾರನೇ ದಿನ ‘ಸಾಲ್ ಮುಬಾರಕ್’ ಎಂದು ಬರೆಯುವುದನ್ನು ಕಲಿತದ್ದು ಹೀಗೆಯೇ, ಅವರ ಮೇಲ್ ನೋಡಿ. ಅದು ಗುಜರಾತಿನ ಹೊಸ ವರ್ಷದ ಶುಭಾಶಯ. ಅಲ್ಲಿ ಎಷ್ಟೋ ಅಂಗಡಿಗಳು ಹೊಸ ವರ್ಷದ ಐದನೇ ದಿನವಾದ ಲಾಭ್ ಪಾಂಚಮ್‌ವರೆಗೆ ತೆರೆಯುವುದಿಲ್ಲ. ಅಲ್ಲಿಯವರೆಗೆ ಕೆಲಸದ ಮೇಲ್ ಕಳಿಸಿ ಪ್ರಯೋಜನವಿಲ್ಲ.

ಚಿತ್ರ ಹಾಕುವುದನ್ನೂ ಬಿಟ್ಟೆ. ಶುಭಾಶಯ ಪೂರ್ತಿ ಚಿತ್ರದೊಳಗೇ ಇದ್ದರೆ ಕೆಲವರ ಔಟ್‌ಲುಕ್‌ನಲ್ಲಿ ಚಿತ್ರ ತಾನಾಗಿ ತೆರೆದುಕೊಳ್ಳದೆ ಖಾಲಿ ಚೌಕ ಮಾತ್ರ ಕಾಣುತ್ತದೆ. ದೇವರ ಚಿತ್ರವಾದರೆ ಅದನ್ನು ಡಿಲೀಟ್ ಮಾಡಲೂ ಕೆಲವರಿಗೆ ಮನಸ್ಸು ಬರುವುದಿಲ್ಲ. ಒಂದೊಂದು ಗುಂಪಿಗೆ ಮೇಲ್ ಮರ್ಜ್‌ನಲ್ಲಿ ಬೇರೆ ಬೇರೆಯಾಗಿ ಕಳಿಸುತ್ತೇನೆ, ಇಡೀ ಪಟ್ಟಿ ಎಲ್ಲರಿಗೂ ಕಾಣುವ ಹಾಗೆ ಸಿಸಿಯಲ್ಲಿ ಹಾಕುವುದಿಲ್ಲ. ಕಳಿಸುವ ಮೊದಲು ನನಗೇ ಒಂದು ಕಳಿಸಿ ನೋಡುತ್ತೇನೆ. ಶೀಟ್‌ನಲ್ಲಿ ಹೆಸರು ಬಿಟ್ಟುಹೋಗಿದ್ದರೆ ‘ಪ್ರಿಯ’ ಆದ ಮೇಲೆ ಬರೀ ಅಲ್ಪವಿರಾಮ ಹೋಗುತ್ತದೆ.

ಶುಭಾಶಯವೇ ಹೇಳಬಾರದ ದಿನಗಳೂ ಇವೆ. ಗುಡ್ ಫ್ರೈಡೆಗೆ ಕನ್ನಡದಲ್ಲಿ ಶುಭ ಶುಕ್ರವಾರ ಎನ್ನುತ್ತೇವೆ. ಹೆಸರಲ್ಲೇ ‘ಶುಭ’ ಇರುವುದರಿಂದ ಶುಭಾಶಯ ಹೇಳುವವರು ಜಾಸ್ತಿ. ಅದು ಯೇಸು ಶಿಲುಬೆಯಲ್ಲಿ ಪ್ರಾಣ ಬಿಟ್ಟ ದಿನ, ಉಪವಾಸದ ದಿನ. ಮೊಹರಂನ ಹತ್ತನೇ ದಿನ ಶಿಯಾ ಮುಸ್ಲಿಮರಿಗೆ ಶೋಕದ ದಿನ. ಈ ಎರಡು ದಿನ ‘ಕಚೇರಿಗೆ ರಜೆ, ಮಾರನೇ ದಿನ ಲೋಡಿಂಗ್ ಇದೆ’ ಎಂಬ ಸೂಚನೆ ಮಾತ್ರ ಹೋಗುತ್ತದೆ.

ನಾಲ್ಕನೇ ಕಾಲಂ ಖಾಲಿ ಇದ್ದ ಅರವತ್ತು ಮಂದಿಗೆ ಏನು ಮಾಡುವುದು ಎಂದು ಬಹಳ ಯೋಚಿಸಿದೆ. ‘ನಿಮ್ಮ ಎಲ್ಲ ಹಬ್ಬಗಳಿಗೂ ಶುಭಾಶಯ’ ಎಂದು ಬರೆದು ನೋಡಿದೆ, ಯಾರಿಗೂ ಹೇಳಿದ ಹಾಗೆ ಕಾಣಲಿಲ್ಲ. ಆಮೇಲೆ ಅವರ ಹಬ್ಬದ ಮಾತು ಬಿಟ್ಟು ನಮ್ಮದನ್ನೇ ಹೇಳಿದೆ: ‘ಭಾನುವಾರ ನಮ್ಮೂರಲ್ಲಿ ಬಿಸು. ಮನೆಯಲ್ಲಿ ಕಣಿ ಇಟ್ಟು ಹೊಸ ವರ್ಷ ಶುರು ಮಾಡುತ್ತೇವೆ. ಸೋಮವಾರದಿಂದ ಕಚೇರಿ ಎಂದಿನಂತೆ ಇರುತ್ತದೆ.’ ಇದರಲ್ಲಿ ಅವರು ಯಾರು ಎಂಬ ಊಹೆ ಎಲ್ಲೂ ಇಲ್ಲ.

ಅದಕ್ಕೆ ಹನ್ನೊಂದು ಉತ್ತರ ಬಂತು. ಕೊಲ್ಕತ್ತಾದವರು ‘ನಮಗೂ ಅದೇ ದಿನ ಹೊಸ ವರ್ಷ, ಹೊಸ ಲೆಕ್ಕದ ಪುಸ್ತಕಕ್ಕೆ ಪೂಜೆ’ ಎಂದು ಬರೆದರು. ಚೆನ್ನೈಯವರು ಕಣಿ ಎಂದರೇನು ಎಂದು ಕೇಳಿದರು. ಅಮ್ಮ ಇಟ್ಟ ಕಣಿಯ ಫೋಟೊ ಅವರಿಗೆ ಕಳಿಸಿದೆ, ಸೌತೆಕಾಯಿ, ಗೋಡಂಬಿ ಹಣ್ಣು, ತೆಂಗಿನಕಾಯಿ, ಕನ್ನಡಿ. ಸೋಮವಾರ ಬೆಳಗ್ಗೆ ಶೀಟ್ ತೆರೆದು ಆ ಹನ್ನೊಂದು ಸಾಲು ತುಂಬಿಸಿದೆ.